ಎರಡು ವಾರ ತಡ ಎಂದು ಗ್ರಾಹಕರಿಗೆ ಬರೆದ ಒಂದು ಮೇಲ್: ಪ್ರಕರಣ ಅಧ್ಯಯನ

ಗ್ರಾಹಕರು ಹುಬ್ಬಳ್ಳಿಯ ಒಬ್ಬ ಸಗಟು ವ್ಯಾಪಾರಿ. ಬೈಕು, ಕಾರು, ಟೆಂಪೊಗಳ ಬಿಡಿಭಾಗ ಮಾರುತ್ತಾರೆ. ಅವರಿಗೆ ಹೊಸ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದದ್ದು ಬೆಂಗಳೂರಿನ ಒಂದು ಸಣ್ಣ ತಂಡ. ಆ ತಂಡದ ಕೆಲಸದ ಮೇಲ್ವಿಚಾರಣೆ ನನ್ನದು. ಹೆಸರುಗಳನ್ನು ಬಿಟ್ಟಿದ್ದೇನೆ, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ.

ಒಪ್ಪಂದದ ಮೂರನೇ ಮೈಲ್‌ಸ್ಟೋನ್ ಎಂದರೆ ಯುಎಟಿ ಆರಂಭ. ಅಂದರೆ ಗ್ರಾಹಕರ ಕೌಂಟರ್‌ನವರು, ಗೋದಾಮಿನವರು, ಅಕೌಂಟೆಂಟ್ ಎಲ್ಲರೂ ತಮ್ಮದೇ ಸರಕಿನ ಪಟ್ಟಿ ಇಟ್ಟುಕೊಂಡು ಸಾಫ್ಟ್‌ವೇರ್ ಬಳಸಿ ನೋಡುವ ಹಂತ. ತಾರೀಖು 2025ರ ನವೆಂಬರ್ 17, ಸೋಮವಾರ. ಯುಎಟಿ ಮೂರು ವಾರ, ಆಮೇಲೆ ಎರಡು ವಾರ ತರಬೇತಿ, ಒಂದು ವಾರ ಬಿಡುವು, ಜನವರಿ 1ಕ್ಕೆ ಗೋ-ಲೈವ್, ಅಂದರೆ ನಿಜವಾದ ಬಳಕೆ ಶುರು, ಎಂದು ಯೋಜನೆ. ಯುಎಟಿ ಶುರುವಾದ ದಿನ ಒಪ್ಪಂದದ ಮೊತ್ತದ ಶೇ. 30ರ ಬಿಲ್ ಕಳಿಸುವ ಹಕ್ಕು ತಂಡಕ್ಕೆ ಬರುತ್ತಿತ್ತು.

ನವೆಂಬರ್ 3ರಂದು ತಂಡದ ಲೀಡ್ ಒಂದು ಕರಡು ಮೇಲ್ ತೋರಿಸಿದರು. ಅದು ಹೀಗಿತ್ತು:

"ನಮಸ್ಕಾರ ಸರ್, ಕೆಲವು ಅನಿವಾರ್ಯ ಕಾರಣಗಳಿಂದ ಹಾಗೂ ನಿಮ್ಮ ಕಡೆಯಿಂದ ಡೇಟಾ ಬರುವುದು ತಡವಾದ್ದರಿಂದ ಯುಎಟಿ ಸುಮಾರು ಒಂದು ವಾರ ಮುಂದೆ ಹೋಗುವ ಸಾಧ್ಯತೆ ಇದೆ. ಆದಷ್ಟು ಬೇಗ ಮುಗಿಸಲು ಪ್ರಯತ್ನಿಸುತ್ತೇವೆ. ಟ್ರ್ಯಾಕರ್ ಲಿಂಕ್ ಲಗತ್ತಿಸಿದೆ. ಸಹಕರಿಸಿ."

ಇದನ್ನು ಕಳಿಸಬೇಡಿ ಎಂದೆ. ಸಭ್ಯವಾದ ಮೇಲೇ. ಆದರೆ ಓದಿದವರಿಗೆ ಇದರಿಂದ ಏನೂ ಮಾಡಲು ಬರುವುದಿಲ್ಲ. ಯಾವ ಕಾರಣ, ಯಾವ ಡೇಟಾ, ಒಂದು ವಾರ ಎಂದರೆ ಯಾವ ದಿನ, ಅದು ಎಲ್ಲಿಂದ ಬಂತು, ಜನವರಿ 1ರ ಗತಿ ಏನು? ಯಾವುದಕ್ಕೂ ಉತ್ತರ ಇಲ್ಲ. "ಒಂದು ವಾರ ಯಾಕೆ?" ಎಂದು ಕೇಳಿದೆ. "ಎರಡು ವಾರ ಅಂದರೆ ಬೇಜಾರು ಮಾಡ್ಕೊಳ್ತಾರೆ ಸರ್" ಎಂದರು. ಅಲ್ಲಿಂದ ಕೆಲಸ ಶುರುವಾಯಿತು. ಮೊದಲು ತಾರೀಖು ಕಂಡುಹಿಡಿಯಬೇಕು, ಬರೆಯುವುದು ಆಮೇಲೆ.

ನಿಜವಾಗಿ ಏನಾಗಿತ್ತು

ಹಳೆಯ ಲೆಕ್ಕ ಇದ್ದದ್ದು ಟ್ಯಾಲಿಯಲ್ಲಿ ಮತ್ತು ಕೆಲವು ಎಕ್ಸೆಲ್ ಹಾಳೆಗಳಲ್ಲಿ. ಒಟ್ಟು 11,400 ಐಟಂಗಳು. ಇವರ ವಹಿವಾಟು ವರ್ಷಕ್ಕೆ 5 ಕೋಟಿ ರೂಪಾಯಿಗಿಂತ ಜಾಸ್ತಿ. ಹಾಗಾಗಿ ಇನ್ನೊಬ್ಬ ವ್ಯಾಪಾರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಕಡ್ಡಾಯ, ಬಿಲ್ಲಿನಲ್ಲಿ ಪ್ರತಿ ಐಟಂಗೂ ಅದು ಯಾವ ವರ್ಗದ ಸರಕು ಎಂದು ತಿಳಿಸುವ 6 ಅಂಕಿಯ ಎಚ್‌ಎಸ್‌ಎನ್ ಕೋಡ್ ಬೇಕು. ಹಳೆಯ ಪಟ್ಟಿಯಲ್ಲಿ ಎಷ್ಟೋ ಐಟಂಗಳಿಗೆ 4 ಅಂಕಿ ಮಾತ್ರ ಇತ್ತು, ಕೆಲವಕ್ಕೆ ತಪ್ಪು ಕೋಡ್, ಕೆಲವಕ್ಕೆ ಏನೂ ಇಲ್ಲ. ತಪಾಸಣೆಯಲ್ಲಿ 4,140 ಐಟಂಗಳು ಸಿಕ್ಕಿಬಿದ್ದವು.

ಇದನ್ನು ಪ್ರೋಗ್ರಾಂ ಬರೆದು ಸರಿಮಾಡಲು ಆಗುವುದಿಲ್ಲ. ಪಟ್ಟಿಯಲ್ಲಿ "ಫಿಲ್ಟರ್, 8421" ಎಂದಷ್ಟೇ ಇದೆ ಎನ್ನಿ. ಎಂಜಿನ್ನಿನ ಆಯಿಲ್ ಫಿಲ್ಟರ್ ಆದರೆ 842123, ಗಾಳಿ ಸೋಸುವ ಏರ್ ಫಿಲ್ಟರ್ ಆದರೆ 842131. ಯಾವುದು ಎಂದು ಗೊತ್ತಿರುವುದು ಪಾರ್ಟ್ ನಂಬರ್ ನೋಡಿ ಗುರುತಿಸಬಲ್ಲ ಅವರ ಅಕೌಂಟೆಂಟ್‌ಗೆ. ತಂಡ ಊಹಿಸಿ ತುಂಬಿದರೆ ತಪ್ಪು ಕೋಡಿನ ಬಿಲ್ ಗ್ರಾಹಕರ ಹೆಸರಲ್ಲಿ ಹೋಗುತ್ತದೆ. ಹಾಗಾಗಿ ಈ ಕೆಲಸದ ವೇಗ ಎಂದರೆ ಆ ಅಕೌಂಟೆಂಟ್ ದಿನಕ್ಕೆ ಎಷ್ಟು ಹೊತ್ತು ಕೂರಬಲ್ಲರು ಎಂಬುದೇ.

ಇನ್ನೊಂದು ಕಾರಣ ಅದಕ್ಕಿಂತ ಮುಂಚಿನದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ವಾಹನದ ಬಿಡಿಭಾಗಗಳಲ್ಲಿ ಶೇ. 28 ಇದ್ದದ್ದು ಶೇ. 18ಕ್ಕೆ ಇಳಿಯಿತು. ಹಳೆಯ ಬಿಲ್ಲಿನ ಮಾಲು ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೆಯ ದರದಲ್ಲೇ ಆಗಬೇಕು, ಹೊಸ ಮಾರಾಟ ಹೊಸ ದರದಲ್ಲಿ. ಅಂದರೆ ಒಂದು ಐಟಂಗೆ ಒಂದೇ ದರ ಎಂದು ಕಟ್ಟಿದ್ದ ಸಾಫ್ಟ್‌ವೇರನ್ನು ತಾರೀಖಿನ ಪ್ರಕಾರ ದರ ಹಿಡಿಯುವ ಹಾಗೆ ಬದಲಿಸಬೇಕಾಯಿತು. ಗ್ರಾಹಕರು ಕೇಳಿದರು, ತಂಡ ಒಪ್ಪಿಕೊಂಡಿತು, ಇಬ್ಬರು ಡೆವಲಪರ್‌ಗಳು ಸೆಪ್ಟೆಂಬರ್ 15ರಿಂದ 30ರವರೆಗೆ ಅದರಲ್ಲೇ ಇದ್ದರು. ಕೆಲಸ ಚೆನ್ನಾಗೇ ಆಯಿತು. ಆದರೆ ಅದೇ ಇಬ್ಬರು ಸೆಪ್ಟೆಂಬರ್ 22ಕ್ಕೆ ಐಟಂ ಪಟ್ಟಿಯ ತಪಾಸಣೆ ಶುರುಮಾಡಬೇಕಿತ್ತು. ದಸರಾ ರಜೆ ಮುಗಿದು ಅದು ಶುರುವಾದದ್ದು ಅಕ್ಟೋಬರ್ 6ಕ್ಕೆ. ಹೊಸ ಕೆಲಸ ಒಪ್ಪಿಕೊಂಡ ದಿನ ಯಾರೂ ನವೆಂಬರ್ 17ನ್ನು ಮತ್ತೆ ಲೆಕ್ಕ ಹಾಕಲಿಲ್ಲ.

ಕರಡಿನಲ್ಲಿದ್ದ "ನಿಮ್ಮ ಕಡೆಯಿಂದ ತಡ" ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ. ಅಕೌಂಟೆಂಟ್ ಕೈಗೆ ತಪ್ಪುಗಳ ಪಟ್ಟಿ ಸಿಕ್ಕಿದ್ದೇ ಅಕ್ಟೋಬರ್ 13ಕ್ಕೆ, ದೀಪಾವಳಿಗೆ ಒಂದು ವಾರ ಮುಂಚೆ. ಹುಬ್ಬಳ್ಳಿಯ ವ್ಯಾಪಾರಿಯ ಲೆಕ್ಕದವರಿಗೆ ದೀಪಾವಳಿ, ಬಲಿಪಾಡ್ಯಮಿಯ ವಾರದಲ್ಲಿ ಬೇರೆ ಕೆಲಸಕ್ಕೆ ಬಿಡುವೆಲ್ಲಿ?

ತಾರೀಖು ಎಲ್ಲಿಂದ ಬರಬೇಕು

ತಪಾಸಣೆ ಎರಡು ವಾರ ತಡವಾಗಿ ಶುರುವಾಯಿತು, ಆದ್ದರಿಂದ ಯುಎಟಿಯೂ ಎರಡು ವಾರ ತಡ ಎಂದುಬಿಡುವುದು ಸುಲಭ. ಆ ಲೆಕ್ಕ ತಪ್ಪು. ಕಳೆದುಹೋದ ದಿನಗಳಿಂದ ಮುಂದಿನ ತಾರೀಖು ಸಿಗುವುದಿಲ್ಲ. ಉಳಿದ ಕೆಲಸ ಎಷ್ಟು, ಈಗ ಅದು ಯಾವ ವೇಗದಲ್ಲಿ ಸಾಗುತ್ತಿದೆ, ಈ ಎರಡರಿಂದ ಮಾತ್ರ ಸಿಗುತ್ತದೆ.

ಸರಿಯಾದ ಐಟಂಗಳ ವಾರದ ಎಣಿಕೆ ಟ್ರ್ಯಾಕರ್‌ನಲ್ಲಿ ಇತ್ತು. ಅಕ್ಟೋಬರ್ 13ರ ವಾರ 610, ದೀಪಾವಳಿ ವಾರ 90, ಅಕ್ಟೋಬರ್ 27ರ ವಾರ 740. ಒಟ್ಟು 1,440. ಉಳಿದದ್ದು 2,700. ದೀಪಾವಳಿ ವಾರ ಬಿಟ್ಟರೆ ವಾರಕ್ಕೆ ಸರಾಸರಿ 675. ಹಾಗಾದರೆ ಇನ್ನೂ 4 ವಾರ, ಅಂದರೆ ನವೆಂಬರ್ 28. ಆಮೇಲೆ ಪಟ್ಟಿಯನ್ನು ಹೊಸ ವ್ಯವಸ್ಥೆಗೆ ತುಂಬಿ, ಸ್ಟಾಕ್ ತಾಳೆ ನೋಡಿ, ಇ-ಇನ್‌ವಾಯ್ಸ್ ಪರೀಕ್ಷೆ ಮಾಡಲು ನಾಲ್ಕೈದು ದಿನ. ಯುಎಟಿ ಡಿಸೆಂಬರ್ 8ಕ್ಕೆ ಹೋಗುತ್ತದೆ. ಒಂದು ವಾರದ ತಡ ಎಂದು ಬರೆದಿದ್ದ ಕಡೆ ಲೆಕ್ಕ ಮೂರು ವಾರ ಹೇಳುತ್ತಿತ್ತು!

ಇಲ್ಲಿ ಲೀಡ್ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಈ 2,700ರಲ್ಲಿ ನಿಜವಾಗಿ ಮಾರಾಟವಾಗುವ ಐಟಂ ಎಷ್ಟು? ಹಳೆಯ ಮಾರಾಟದ ದಾಖಲೆ ತೆಗೆದು ನೋಡಿದರೆ ಕಳೆದ 12 ತಿಂಗಳಲ್ಲಿ ಒಮ್ಮೆಯಾದರೂ ಬಿಲ್ ಆದದ್ದು 1,900. ಉಳಿದ 800 ಗೋದಾಮಿನ ಮೂಲೆಯ ಸರಕು. ಆ 800ನ್ನು "ಬಿಲ್ ಮಾಡುವಂತಿಲ್ಲ" ಎಂಬ ಗುರುತಿನೊಂದಿಗೆ ಒಳಗೆ ಸೇರಿಸಬಹುದು. ಸ್ಟಾಕ್ ಲೆಕ್ಕ ಕೆಡುವುದಿಲ್ಲ. ಬೇಕಾದಾಗ ಕೋಡ್ ಸರಿಮಾಡಿ ಬಿಡುಗಡೆ ಮಾಡಬಹುದು. ಈಗ 1,900ನ್ನು 675ರ ವೇಗದಲ್ಲಿ ಮುಗಿಸಲು ಮೂರು ವಾರಕ್ಕೆ ಸ್ವಲ್ಪ ಕಮ್ಮಿ. ನವೆಂಬರ್ 21ಕ್ಕೆ ಮುಗಿಯುತ್ತದೆ. ನವೆಂಬರ್ 24ರ ವಾರ ತುಂಬಿಸಲು ಮತ್ತು ಪರೀಕ್ಷೆಗೆ. ಯುಎಟಿ ಡಿಸೆಂಬರ್ 1, ಸೋಮವಾರ.

ಎರಡು ವಾರ ಬಂದದ್ದು ಹೀಗೆ. ಇದಕ್ಕೆ ಎರಡು ಷರತ್ತುಗಳಿದ್ದವು. ಆ 800 ಐಟಂಗಳನ್ನು ಹಿಂದಕ್ಕೆ ಹಾಕಲು ಮಾಲೀಕರು ಒಪ್ಪಬೇಕು. ಅಕೌಂಟೆಂಟ್ ದಿನಕ್ಕೆ ಎರಡು ಗಂಟೆ ಈಗಿನ ಹಾಗೇ ಕೂರಬೇಕು. ಎರಡೂ ತಂಡದ ಕೈಯಲ್ಲಿ ಇಲ್ಲ. ಹಾಗಾಗಿ ಮೇಲ್ ಸುಮ್ನೆ ಸುದ್ದಿ ಹೇಳಿದರೆ ಸಾಲದು, ಒಂದು ತೀರ್ಮಾನ ಕೇಳಬೇಕಿತ್ತು.

ಟ್ರ್ಯಾಕರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ತಂಡದ ಟ್ರ್ಯಾಕರ್ ಎಂದರೆ ಜಿರಾ. ಅದರಲ್ಲಿ ಪ್ರತಿ ಕೆಲಸಕ್ಕೂ ಟಿಕೆಟ್ ಎಂಬ ಒಂದು ದಾಖಲೆ ಇರುತ್ತದೆ. ಸಾಕ್ಷಿಯಾಗಿ ಮೊದಲು ಇಟ್ಟಿದ್ದದ್ದು, ಉಳಿದ ಕೆಲಸ ದಿನದಿನಕ್ಕೆ ಎಷ್ಟು ಇಳಿಯಿತು ಎಂದು ತೋರಿಸುವ ಬರ್ನ್‌ಡೌನ್ ಚಾರ್ಟ್. ಅದರಲ್ಲಿರುವ ಸ್ಟೋರಿ ಪಾಯಿಂಟ್ ತಂಡದ ಒಳಗಿನ ಅಳತೆ. ಬಿಡಿಭಾಗದ ವ್ಯಾಪಾರಿಗೆ ಅದು ಏನೂ ಹೇಳುವುದಿಲ್ಲ. ಅವರು ಎಣಿಸಬಲ್ಲದ್ದು ಐಟಂಗಳನ್ನು. ಆದ್ದರಿಂದ ವಾರದ ಎಣಿಕೆ ಮತ್ತು ಮೂರು ಟಿಕೆಟ್‌ಗಳು ಸಾಕು ಎಂದು ತೀರ್ಮಾನಿಸಿದೆವು. ದರ ಬದಲಾವಣೆಯದ್ದು SPR-118, ತಪಾಸಣೆಯದ್ದು SPR-121, ಕೋಡ್ ತಿದ್ದುಪಡಿಯದ್ದು SPR-143. ಆ ಅವಧಿಯಲ್ಲಿ ಇವುಗಳ ಸ್ಥಿತಿ ಬದಲಾಗಿದೆಯೇ ಎಂದು ಹುಡುಕಲು ಹೀಗೆ ಕೊಟ್ಟರೆ ಆಯಿತು:

```
key in (SPR-118, SPR-121, SPR-143)
AND status CHANGED DURING ("2025-09-15", "2025-11-03")
```

ಆದರೆ ಈ `CHANGED` ಎಂಬುದು ಎಲ್ಲ ಕಾಲಂಗೂ ನಡೆಯುವುದಿಲ್ಲ. Due date ಬದಲಾದದ್ದನ್ನು ಇದರಿಂದ ಹುಡುಕಲಾಗದು. ಅದಕ್ಕೆ ಟಿಕೆಟ್ ತೆರೆದು History ನೋಡಬೇಕು. SPR-143ರ History ನೋಡಿದಾಗ ಕೊನೆಯ ತಾರೀಖು ಅಕ್ಟೋಬರ್ 24ರಿಂದ 31ಕ್ಕೆ, ಅಲ್ಲಿಂದ ನವೆಂಬರ್ 7ಕ್ಕೆ ಸರಿದಿತ್ತು. ಗ್ರಾಹಕರಿಗೆ ಒಂದು ಮಾತೂ ಹೋಗಿರಲಿಲ್ಲ. "ಹಳೇ ಟಿಕೆಟ್ ಮುಚ್ಚಿ ಹೊಸದು ತೆರೆಯೋಣವಾ?" ಎಂದು ತಂಡದ ಒಬ್ಬರು ಕೇಳಿದರು. ಖಂಡಿತ ಬೇಡ ಎಂದೆ. ಮೇಲ್ ಕಳಿಸುವ ಹಿಂದಿನ ದಿನ ತಿದ್ದಿದ ಟ್ರ್ಯಾಕರ್ ಸಾಕ್ಷಿಯಾಗಿ ಉಳಿಯುವುದಿಲ್ಲ. ತಿದ್ದಿದ ಗಂಟೆ, ನಿಮಿಷವೂ ಅದೇ History ಒಳಗೆ ಇರುತ್ತದೆ. ಆ ಎರಡು ಬದಲಾವಣೆಯನ್ನು ಮೇಲ್‌ನಲ್ಲಿ ನಾವೇ ಹೇಳಿಬಿಡುವುದು ಎಂದಾಯಿತು.

ಇನ್ನೊಂದು ಮಿತಿಯೂ ಕಂಡಿತು. ದೀಪಾವಳಿ ವಾರದಲ್ಲಿ SPR-143 ಕಾಯುತ್ತಾ ನಿಂತಿತ್ತು, ಆದರೆ ಯಾರೂ ಅದನ್ನು Blocked ಮಾಡಿರಲಿಲ್ಲ. ಉದ್ದಕ್ಕೂ In Progress ಎಂದೇ ಇತ್ತು. ಹಾಗಿರುವಾಗ "ಆ ವಾರ ನಾವು ನಿಮಗಾಗಿ ಕಾಯುತ್ತಿದ್ದೆವು, ಟ್ರ್ಯಾಕರ್ ನೋಡಿ" ಎಂದು ಬರೆಯುವಂತಿಲ್ಲ. ಟ್ರ್ಯಾಕರ್ ಹಾಗೆ ಹೇಳುತ್ತಿರಲಿಲ್ಲ. ಎಣಿಕೆ 90 ಎಂದು ಮಾತ್ರ ತೋರಿಸುತ್ತಿತ್ತು. ಅಷ್ಟನ್ನೇ ಬರೆದೆವು.

ಲಿಂಕ್ ಬಗ್ಗೆಯೂ ಒಂದು ಮಾತು. ಮಾಲೀಕರಿಗೆ ಜಿರಾ ಖಾತೆ ಇರಲಿಲ್ಲ, ಮೇಲ್ ಓದುವುದು ಫೋನಿನಲ್ಲಿ. ಲಿಂಕ್ ಒತ್ತಿದರೆ ಲಾಗಿನ್ ಕೇಳುತ್ತದೆ, ಅಲ್ಲಿಗೆ ಸಾಕ್ಷಿ ಮುಗಿಯಿತು. ಮೂರು ಟಿಕೆಟ್‌ಗಳ History ಮತ್ತು ವಾರದ ಎಣಿಕೆಯನ್ನು ಎರಡು ಪುಟದ ಪಿಡಿಎಫ್ ಮಾಡಿ ಸೇರಿಸಿದೆವು. ಮುಖ್ಯ ಅಂಕಿಗಳನ್ನು ಮೇಲ್ ಒಳಗೇ ಬರೆದೆವು. ಅಕೌಂಟೆಂಟ್‌ಗೆ ಖಾತೆ ಇತ್ತು, ಅವರು ಬೇಕಾದರೆ ತಾವೇ ತಾಳೆ ನೋಡಬಹುದು.

ಹೋದ ಮೇಲ್

ನವೆಂಬರ್ 4ರ ಬೆಳಿಗ್ಗೆ ಲೀಡ್ ಮೊದಲು ಫೋನ್ ಮಾಡಿದರು. ಇಂಥ ಸುದ್ದಿ ಮೊದಲು ಬಾಯಿಂದ ಬರಬೇಕು. ಮೇಲ್ ಅದನ್ನು ದಾಖಲೆಗೆ ಇಡುತ್ತದೆ. ಮಾತು ಮುಗಿದ ಮೇಲೆ ಇದು ಹೋಯಿತು:

ವಿಷಯ: ಯುಎಟಿ ಆರಂಭ ನವೆಂಬರ್ 17ರ ಬದಲು ಡಿಸೆಂಬರ್ 1 – ನವೆಂಬರ್ 7ರೊಳಗೆ ನಿಮ್ಮ ಒಪ್ಪಿಗೆ ಬೇಕು

ನಮಸ್ಕಾರ ಸರ್,

ಬೆಳಿಗ್ಗೆ ಫೋನಿನಲ್ಲಿ ಹೇಳಿದಂತೆ, ಯುಎಟಿ ನವೆಂಬರ್ 17ಕ್ಕೆ ಶುರುವಾಗುವುದಿಲ್ಲ. ಡಿಸೆಂಬರ್ 1ಕ್ಕೆ ಶುರುವಾಗುತ್ತದೆ. ಜನವರಿ 1ರ ಗೋ-ಲೈವ್ ಸದ್ಯಕ್ಕೆ ಹಾಗೇ ಇದೆ. ಆದರೆ ನಡುವೆ ಇಟ್ಟಿದ್ದ ಒಂದು ವಾರದ ಬಿಡುವು ಇನ್ನು ಇರುವುದಿಲ್ಲ.

ಯಾಕೆ ತಡ: ಜಿಎಸ್‌ಟಿ ದರ ಬದಲಾವಣೆಯ ಕೆಲಸ ಸೆಪ್ಟೆಂಬರ್ 15ರಿಂದ 30ರವರೆಗೆ ನಡೆಯಿತು (SPR-118). ಅದರಿಂದ ಐಟಂ ಪಟ್ಟಿಯ ತಪಾಸಣೆ ಸೆಪ್ಟೆಂಬರ್ 22ರ ಬದಲು ಅಕ್ಟೋಬರ್ 6ಕ್ಕೆ ಶುರುವಾಯಿತು (SPR-121). ಆ ಕೆಲಸ ಒಪ್ಪಿಕೊಂಡಾಗಲೇ ನಾವು ಯುಎಟಿ ತಾರೀಖನ್ನು ಮತ್ತೆ ಲೆಕ್ಕ ಹಾಕಿ ನಿಮಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ತಪಾಸಣೆಯಲ್ಲಿ 11,400 ಐಟಂಗಳ ಪೈಕಿ 4,140ಕ್ಕೆ ಎಚ್‌ಎಸ್‌ಎನ್ ಕೋಡ್ ಸರಿ ಇಲ್ಲ ಎಂದು ಗೊತ್ತಾಯಿತು (SPR-143). ಈ ಟಿಕೆಟ್‌ನ ಕೊನೆಯ ತಾರೀಖನ್ನು ನಾವು ಎರಡು ಸಲ ಮುಂದೆ ಹಾಕಿದ್ದೇವೆ. ಅದೂ ಲಗತ್ತಿನಲ್ಲಿ ಇದೆ.

ಈಗ ಎಲ್ಲಿದ್ದೇವೆ: ನಿಮ್ಮ ಅಕೌಂಟೆಂಟ್ ಸರಿಮಾಡಿಕೊಟ್ಟದ್ದು ಮೂರು ವಾರಗಳಲ್ಲಿ 610, 90 (ದೀಪಾವಳಿ ವಾರ), 740. ಒಟ್ಟು 1,440. ಉಳಿದದ್ದು 2,700. ಇವುಗಳಲ್ಲಿ ಕಳೆದ 12 ತಿಂಗಳಲ್ಲಿ ಮಾರಾಟವಾದದ್ದು 1,900.

ಹೊಸ ಯೋಜನೆ:
ನವೆಂಬರ್ 21 – ಮಾರಾಟದಲ್ಲಿರುವ 1,900 ಐಟಂಗಳ ಕೋಡ್ ಪೂರ್ತಿ
ನವೆಂಬರ್ 24ರಿಂದ 28 – ಪಟ್ಟಿ ತುಂಬುವುದು, ಸ್ಟಾಕ್ ತಾಳೆ, ಇ-ಇನ್‌ವಾಯ್ಸ್ ಪರೀಕ್ಷೆ
ಡಿಸೆಂಬರ್ 1ರಿಂದ 19 – ಯುಎಟಿ, ಮೂರು ವಾರ, ಕಮ್ಮಿ ಮಾಡಿಲ್ಲ
ಡಿಸೆಂಬರ್ 15ರಿಂದ 26 – ತರಬೇತಿ. ಮೊದಲ ವಾರ ಯುಎಟಿ ಜೊತೆಗೇ ನಡೆಯುತ್ತದೆ
ಡಿಸೆಂಬರ್ 19 – ಜನವರಿ 1ಕ್ಕೆ ಹೋಗುವುದೇ ಎಂದು ಇಬ್ಬರೂ ಕೂತು ತೀರ್ಮಾನ

ಬಿಲ್ಲಿಂಗ್ ಅಥವಾ ಇ-ಇನ್‌ವಾಯ್ಸ್‌ನಲ್ಲಿ ಆ ದಿನ ಒಂದೇ ಒಂದು ದೊಡ್ಡ ದೋಷ ಉಳಿದಿದ್ದರೂ ಜನವರಿ 1 ಬೇಡ, ಫೆಬ್ರವರಿ 1ಕ್ಕೆ ಹೋಗೋಣ ಎಂಬುದು ನಮ್ಮ ಸಲಹೆ. ತಿಂಗಳ ನಡುವೆ ಬದಲಾಯಿಸಿದರೆ ಆ ತಿಂಗಳ ಜಿಎಸ್‌ಟಿಆರ್-1 ರಿಟರ್ನ್‌ಗೆ ಎರಡು ಕಡೆಯ ಬಿಲ್‌ಗಳನ್ನು ಸೇರಿಸಬೇಕಾಗುತ್ತದೆ.

ನಿಮ್ಮಿಂದ ಬೇಕಾದದ್ದು, ನವೆಂಬರ್ 7ರೊಳಗೆ:
ಒಂದು, ಒಂದು ವರ್ಷದಿಂದ ಮಾರಾಟವಾಗದ 800 ಐಟಂಗಳನ್ನು ಸ್ಟಾಕ್‌ನಲ್ಲಿ ತೋರಿಸಿ, ಬಿಲ್ ಆಗದಂತೆ ತಡೆಹಿಡಿಯಲು ಒಪ್ಪಿಗೆ. ಪಟ್ಟಿ ಲಗತ್ತಿಸಿದೆ.
ಎರಡು, ನವೆಂಬರ್ 21ರವರೆಗೆ ಅಕೌಂಟೆಂಟ್ ಅವರ ದಿನಕ್ಕೆ ಎರಡು ಗಂಟೆ.
ಮೊದಲನೆಯದು ಸಿಗದಿದ್ದರೆ ಯುಎಟಿ ಡಿಸೆಂಬರ್ 8ಕ್ಕೆ ಹೋಗುತ್ತದೆ, ಎರಡನೆಯದೂ ಸಿಗದಿದ್ದರೆ ಇನ್ನೂ ಮುಂದೆ.

ಈ ತಡಕ್ಕೆ ಹೆಚ್ಚುವರಿ ಹಣ ಕೇಳುವುದಿಲ್ಲ. ಯುಎಟಿಯ ಬಿಲ್ಲನ್ನೂ ಡಿಸೆಂಬರ್ 1ರ ಮೊದಲು ಕಳಿಸುವುದಿಲ್ಲ. ಪ್ರತಿ ಶುಕ್ರವಾರ ಸಂಜೆ ಎಣಿಕೆ ಕಳಿಸುತ್ತೇವೆ.

ವಂದನೆಗಳು

ಉತ್ತರ, ಮತ್ತು ಮುಂದಿನ ವಾರಗಳು

ಮಾಲೀಕರು ಮೇಲ್‌ಗೆ ಉತ್ತರ ಬರೆಯಲಿಲ್ಲ, ಮರುದಿನ ಫೋನ್ ಮಾಡಿದರು. ಕಾರಣಗಳ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು ಒಂದೇ: "ಈ ತಾರೀಖನೂ ಮತ್ತ ಮುಂದ ಹೋಗೂದಿಲ್ಲ ಅಂತ ಹೆಂಗ ನಂಬಬೇಕ್ರಿ?"

ಇದು ಮೇಲ್‌ನಲ್ಲಿ ಇಲ್ಲದ ವಿಷಯ. ಶುಕ್ರವಾರದ ಎಣಿಕೆ ಕಳಿಸುತ್ತೇವೆ ಎಂದಿದ್ದೆವು, ಎಷ್ಟಿದ್ದರೆ ಸರಿ ಎಂದು ಹೇಳಿರಲಿಲ್ಲ. ಲೀಡ್ ಆಗಲೇ ಲೆಕ್ಕ ಕೊಟ್ಟರು. ನವೆಂಬರ್ 14ಕ್ಕೆ ಕನಿಷ್ಠ 1,200 ಆಗಿರಬೇಕು. ಹಾಗಾದರೆ ಕೊನೆಯ ವಾರಕ್ಕೆ 700 ಉಳಿಯುತ್ತದೆ. 740 ಮಾಡಿದ ವಾರ ಒಂದು ಇದೆಯಲ್ಲ, ಅಷ್ಟು ಆಗಬಲ್ಲದು. 1,200ಕ್ಕಿಂತ ಕಮ್ಮಿ ಇದ್ದರೆ ಡಿಸೆಂಬರ್ 1 ಆಗುವುದಿಲ್ಲ ಎಂದು ಅವತ್ತೇ ಫೋನ್ ಮಾಡುತ್ತೇನೆ, ನೀವು ಕೇಳುವವರೆಗೆ ಕಾಯುವುದಿಲ್ಲ ಎಂದರು. ಮಾಲೀಕರು ಒಪ್ಪಿದರು. ಒಪ್ಪಿಗೆಯನ್ನು ಎರಡು ಸಾಲಿನ ಮೇಲ್ ಆಗಿ ಕೇಳಿ ಪಡೆದೆವು, ಒಪ್ಪಂದದಲ್ಲಿ ತಾರೀಖು ಬದಲಾವಣೆಗೆ ಬರಹದ ಒಪ್ಪಿಗೆ ಬೇಕಿತ್ತು. ಫೋನಿನ "ಆಯ್ತ್ರಿ" ಸಾಲದು.

ನವೆಂಬರ್ 7ಕ್ಕೆ 640. ನವೆಂಬರ್ 14ಕ್ಕೆ ಒಟ್ಟು 1,290. ಮಿತಿಗಿಂತ ಮೇಲಿದ್ದರೂ ಅಂದುಕೊಂಡಿದ್ದ 1,350ಕ್ಕಿಂತ ಕಮ್ಮಿ. ಅದನ್ನೂ ಹಾಗೇ ಬರೆದು ಕಳಿಸಿದರು. ಮಾಲೀಕರು ತಾವಾಗಿಯೇ ಗೋದಾಮಿನ ಒಬ್ಬ ಹಳೆಯ ಕೆಲಸಗಾರನನ್ನು ಅಕೌಂಟೆಂಟ್ ಪಕ್ಕ ಕೂರಿಸಿದರು. ಪಾರ್ಟ್ ನಂಬರ್ ಓದಿದರೆ ಯಾವ ಫಿಲ್ಟರ್ ಎಂದು ಬಾಯಲ್ಲೇ ಹೇಳುವ ಮನುಷ್ಯ. ನವೆಂಬರ್ 20ರ ಗುರುವಾರವೇ 1,900 ಮುಗಿಯಿತು.

ಡಿಸೆಂಬರ್ 1ಕ್ಕೆ ಯುಎಟಿ ಶುರುವಾಯಿತು, ಬಿಲ್ ಅವತ್ತೇ ಹೋಯಿತು. ತಡೆಹಿಡಿದ 800ರಲ್ಲಿ ಮೂರು ವಾರಗಳಲ್ಲಿ ಕೌಂಟರ್‌ನವರಿಗೆ ಬೇಕಾದದ್ದು ಕೆಲವೇ ಐಟಂ. ಆಯಾ ದಿನವೇ ಕೋಡ್ ತುಂಬಿ ಬಿಡುಗಡೆ ಮಾಡಿದರು. ಡಿಸೆಂಬರ್ 19ರ ಮಾತುಕತೆಯಲ್ಲಿ ಉಳಿದಿದ್ದ ದೋಷಗಳು ರಿಪೋರ್ಟ್‌ಗಳಿಗೆ ಸೇರಿದವು, ಬಿಲ್ಲಿಂಗ್‌ನದ್ದು ಒಂದೂ ಇರಲಿಲ್ಲ. ಜನವರಿ 1ರ ತಾರೀಖನ್ನು ಹಾಗೇ ಉಳಿಸಿಕೊಂಡೆವು. SPR-143ನ್ನು ಮಾತ್ರ ಮುಚ್ಚಲಿಲ್ಲ. ಉಳಿದ ಐಟಂಗಳ ಎಣಿಕೆ ಅದರಲ್ಲೇ ಮುಂದುವರಿಯಿತು.